ನವಿಲು ಗಡಿಯಾರಕ್ಕೊಂದು ಕಾಗದ

ಲಗ್ನಪತ್ರಿಕೆಯ ಕೊನೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದವರ ಮನೆಯ ಅಟ್ಟವನ್ನು ಒಮ್ಮೆ ಹತ್ತಿ ನೋಡಬೇಕು. ಬಣ್ಣದ ಕಾಗದವನ್ನೂ ಬಿಚ್ಚದ ಡಿನ್ನರ್ ಸೆಟ್ಟುಗಳು, ಆರಾರರ ಗಾಜಿನ ಲೋಟಗಳು, ರಾಧಾಕೃಷ್ಣರ ಜೋಡಿ ಎರಡೋ ಮೂರೋ ಅಲ್ಲಿ ತಣ್ಣಗೆ ಕೂತಿರುತ್ತವೆ. ಇವುಗಳ ಬಗ್ಗೆ ಯಾರಿಗೂ ಸಂಕಟವಿಲ್ಲ. ರವಿಕೆ ಕಣದ ಬಗ್ಗೆಯೂ ಅಷ್ಟೇ. ಗೌರಿ ಹಬ್ಬಕ್ಕೆ ಒಂದು ಮನೆಯಿಂದ ಹೊರಟ ಕಣ ನಾಲ್ಕು ಮನೆ ಸುತ್ತಿ ದಸರೆಯ ಹೊತ್ತಿಗೆ ಹೊರಟಲ್ಲಿಗೇ ಬಂದರೂ ತೆಗೆದುಕೊಂಡವರು ಕಣ್ಣಿಗೊತ್ತಿಕೊಂಡು ಒಳಗಿಡುತ್ತಾರೆ. ಅದು ಅರಿಸಿನ ಕುಂಕುಮದ ಜೊತೆಗೆ ಸಲ್ಲುವ ಮರ್ಯಾದೆ. ಅದರ ಬಣ್ಣ ಯಾರೂ ನೋಡುವುದಿಲ್ಲ.

ಪೇಚಾಟವಿರುವುದು ಬೇರೆ ಥರದ ಉಡುಗೊರೆಯಲ್ಲಿ. ನಮಗೆಂದೇ ಹುಡುಕಿ, ಅಂಗಡಿ ಅಂಗಡಿ ಅಲೆದು, ‘ಇದು ಅವಳಿಗೆ ಹೇಳಿ ಮಾಡಿಸಿದ ಹಾಗಿದೆ’ ಎಂದು ಖುಷಿಯಿಂದ ಕೊಂಡು ತಂದದ್ದು ನಮಗೆ ಕಿಂಚಿತ್ತೂ ಹಿಡಿಸದೇ ಹೋದಾಗ ಏನು ಹೇಳುವುದು? ಎದುರಿಗಿದ್ದಾಗ ನಗು ಕಾಪಾಡುತ್ತದೆ. ಫೋನಿನಲ್ಲಾದರೆ ‘ಅಯ್ಯೋ, ಯಾಕೆ ಇದೆಲ್ಲ’ ಎಂದು ಶುರುಮಾಡಿ ಮಾತನ್ನು ಮಂಡಿನೋವಿನ ಕಡೆಗೆ ತಿರುಗಿಸಬಹುದು. ಕಾಗದ ಬರೆಯಲು ಕೂತರೆ ಮಾತ್ರ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಬರೆದದ್ದು ಉಳಿಯುತ್ತದೆ, ಎರಡನೆಯ ಸಲ ಓದಿಸಿಕೊಳ್ಳುತ್ತದೆ, ಮನೆಗೆ ಬಂದವರಿಗೆಲ್ಲ ತೋರಿಸಿಕೊಳ್ಳುತ್ತದೆ.

ಅಂಥದೊಂದು ಕಾಗದವನ್ನು ಬರೆದವರೇ ನನಗೆ ತೋರಿಸಿದರು. ಮೈಸೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿರುವವರು, ಹೊಸ ಮನೆ ಕಟ್ಟಿಸಿದವರು. ಕಾಗದ ಹೋದದ್ದು ಸಾಗರದ ಕಡೆಯಲ್ಲಿರುವ ಅವರ ಸೋದರತ್ತೆಗೆ. ಅತ್ತೆ ಭಾನುವಾರದ ಪುರವಣಿಯನ್ನು ಕೊನೆಯ ಪುಟದವರೆಗೆ ಓದುವವರಂತೆ. ಹಾಗಾಗಿ ಊರಿನ ಹೆಸರು ಒಂದಿಷ್ಟು ಆಚೀಚೆ ಮಾಡಿದ್ದೇನೆ. ಉಡುಗೊರೆಯನ್ನು ಮಾತ್ರ ಬದಲಿಸಿಲ್ಲ. ಬದಲಿಸಿದರೆ ಈ ಲೇಖನದಲ್ಲಿ ಏನೂ ಉಳಿಯುವುದಿಲ್ಲ.

ಉಡುಗೊರೆ ಒಂದು ಗೋಡೆ ಗಡಿಯಾರ. ಗರಿ ಬಿಚ್ಚಿದ ನವಿಲು, ಈ ತುದಿಯಿಂದ ಆ ತುದಿಗೆ ಮೂರು ಅಡಿಗೆ ಕಡಿಮೆಯಿಲ್ಲ. ಮೈಯೆಲ್ಲ ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ಕು, ಗರಿಯ ಕಣ್ಣುಗಳಿಗೆ ಹಸಿರು ನೀಲಿ ಹರಳು, ಹೊಟ್ಟೆಯ ಜಾಗದಲ್ಲಿ ಮುಳ್ಳು ತಿರುಗುವ ಬಿಲ್ಲೆ. ಗಂಟೆಗೊಮ್ಮೆ ಹಕ್ಕಿ ಕೂಗುತ್ತದೆ. ಕೂಗುವುದು ನವಿಲಿನ ಹಾಗಲ್ಲ, ಕೋಗಿಲೆಯ ಹಾಗೆ. ಮೈಸೂರಿನ ಮನೆಯೋ ಬಿಳಿ ಗೋಡೆ, ಕೆಂಪು ನೆಲ, ತೇಗದ ಎರಡು ಬೆಂಚು. ಹಾಲಿನ ದೊಡ್ಡ ಗೋಡೆಯನ್ನು ಗಂಡ ಹೆಂಡತಿ ಬೇಕೆಂದೇ ಬರಿದಾಗಿ ಬಿಟ್ಟಿದ್ದರು. ಸಂಜೆ ಕಿಟಕಿಯ ಬಿಸಿಲು ಅದರ ಮೇಲೆ ಬೀಳಲಿ ಎಂದು. ಗೃಹಪ್ರವೇಶಕ್ಕೆ ಮೊದಲೊಮ್ಮೆ ಬಂದು ನೋಡಿಹೋದ ಅತ್ತೆಗೆ ಅನಿಸಿದ್ದು, ಪಾಪ, ಸಾಲ ಮಾಡಿ ಕಟ್ಟಿಸಿದ್ದಾರೆ, ಗೋಡೆಗೆ ಏನೂ ಹಾಕಲಾಗಿಲ್ಲ ಎಂದು.

ಎಲ್ಲರೂ ಮೊದಲು ಬರೆಯುವಂಥ ಕಾಗದವನ್ನೇ ಇವರೂ ಮೊದಲು ಬರೆದರು. ಗಡಿಯಾರ ತುಂಬಾ ತುಂಬಾ ಚೆನ್ನಾಗಿದೆ, ಇಂಥದ್ದೇ ಬೇಕೆಂದು ಎಷ್ಟು ದಿನದಿಂದ ಹುಡುಕುತ್ತಿದ್ದೆವು, ಹಾಲಿಗೆ ಕಳೆ ಬಂತು, ನೋಡಿದವರೆಲ್ಲ ಎಲ್ಲಿ ತಗೊಂಡಿರಿ ಅಂತ ಕೇಳುತ್ತಾರೆ. ಓದಿ ನೋಡಿದರೆ ನಾಲ್ಕು ವಾಕ್ಯದಲ್ಲಿ ನಾಲ್ಕು ಸುಳ್ಳು. ಸುಳ್ಳು ಪಾಪ ಎಂಬ ಮಾತು ಹಾಗಿರಲಿ, ಇಲ್ಲಿನ ತೊಂದರೆ ವ್ಯವಹಾರದ್ದು. ‘ಇಂಥದ್ದೇ ಬೇಕಿತ್ತು’ ಎನ್ನುವುದು ಮುಂದಿನ ಉಡುಗೊರೆಗೆ ಕೊಟ್ಟ ಆರ್ಡರು. ನವಿಲು ಇಷ್ಟವಾಯಿತೆಂದು ತಿಳಿದ ಅತ್ತೆ ಮಗನ ಉಪನಯನಕ್ಕೆ ನವಿಲಿನ ದೀಪ ತರುತ್ತಾರೆ, ಮದುವೆಯ ವಾರ್ಷಿಕೋತ್ಸವಕ್ಕೆ ನವಿಲಿನ ಕನ್ನಡಿ. ಒಂದೇ ಜಾತಿಯ ಸಾಮಾನು ಮನೆ ತುಂಬ ಕಂಡರೆ, ಆ ಮನೆಯವರಿಗೆ ಅದರ ಹುಚ್ಚು ಎಂದೇ ತಿಳಿಯಬೇಕಾಗಿಲ್ಲ. ಹಿಂದೊಮ್ಮೆ ಒಂದು ಕಾಗದದಲ್ಲಿ ಹೊಗಳಿಕೆ ಕೈಮೀರಿರಲೂಬಹುದು. ‘ಹಾಲಿಗೆ ಕಳೆ ಬಂತು’ ಎನ್ನುವುದು ಇನ್ನೂ ಅಪಾಯ. ಅತ್ತೆ ಯಾವತ್ತು ಬೇಕಾದರೂ ಬಂದಾರು. ಅದಕ್ಕೂ ಮೊದಲೇ ‘ಒಂದು ಫೋಟೊ ಕಳಿಸೇ’ ಎಂದು ವಾಟ್ಸ್ಆ್ಯಪ್ ಬರುತ್ತದೆ. ಆಗ ಗಡಿಬಿಡಿಯಲ್ಲಿ ಮೊಳೆ ಹೊಡೆಯಬೇಕು.

ಮೂರನೆಯ ತೊಂದರೆ ಕಿವಿಗೆ ಗೊತ್ತಾಗುವಂಥದ್ದು. ಹಿಡಿಸದ್ದನ್ನು ಹೊಗಳುವಾಗ ಮಾತು ತಾನಾಗಿ ಜೋರಾಗುತ್ತದೆ. ನಿಜವಾಗಿ ಮೆಚ್ಚಿದವರು ಸಣ್ಣದೊಂದನ್ನು ಹಿಡಿದು ಹೇಳುತ್ತಾರೆ: ‘ಸೆರಗಿನ ತುದಿಯ ಆ ಮಾವಿನಕಾಯಿ ಚೆನ್ನಾಗಿದೆ.’ ಮೆಚ್ಚದವರು ‘ಸೂಪರ್, ಅದ್ಭುತ’ ಎನ್ನುತ್ತಾರೆ. ಜನ್ಮದಲ್ಲಿ ನೂರಾರು ಬಾಗಿನ ಕೊಟ್ಟು ತೆಗೆದುಕೊಂಡ ಹೆಂಗಸಿಗೆ ಈ ವ್ಯತ್ಯಾಸ ತಿಳಿಯದೆಂದು ಭಾವಿಸುವುದು ದಡ್ಡತನ.

ಆ ಕಾಗದ ಹರಿದರು. ಎರಡನೆಯದರಲ್ಲಿ ಜಾಣತನ ಮಾಡಿದರು. ‘ಅತ್ತೆ, ನಿಮ್ಮ ಗಡಿಯಾರ ಬಂದ ಮೇಲೆ ನಮ್ಮ ಮನೆಯಲ್ಲಿ ಬೇರೆ ಯಾವುದೂ ಯಾರ ಕಣ್ಣಿಗೂ ಬೀಳುತ್ತಿಲ್ಲ.’ ಸುಳ್ಳಿಲ್ಲ, ಬೈಗುಳವೂ ಇಲ್ಲ, ಎರಡು ಕಡೆಯಿಂದಲೂ ಓದಬಹುದು. ಗಂಡನಿಗೆ ಓದಿ ಹೇಳಿದಾಗ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ. ನಕ್ಕು ಮುಗಿದ ಮೇಲೆ ಅದನ್ನೂ ಹರಿದರು. ಹರಿದದ್ದು ಸರಿ ಎಂದು ನಾನು ಹೇಳುವುದಕ್ಕೆ ಕಾರಣ, ಇದೇ ಜಾಣತನವನ್ನು ಬಹಳ ದೊಡ್ಡ ಸಭೆಯಲ್ಲಿ ಮಾಡಿದವರೊಬ್ಬರ ಕತೆ.

1954ರ ನವೆಂಬರ್ 30. ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್‌ಗೆ ಎಂಬತ್ತು ತುಂಬಿದ ದಿನ. ಸಂಸತ್ತಿನ ಎರಡೂ ಸದನಗಳ ಸದಸ್ಯರು ಹಣ ಹಾಕಿ ಗ್ರಹಾಂ ಸದರ್ಲೆಂಡ್ ಎಂಬ ಹೆಸರಾಂತ ಚಿತ್ರಕಾರನಿಂದ ಅವರ ಭಾವಚಿತ್ರ ಬರೆಸಿದ್ದರು. ಚಿತ್ರಕಾರನಿಗೆ ಸಂದದ್ದು ಸಾವಿರ ಗಿನಿ. ಚಾರ್ಟ್‌ವೆಲ್‌ನ ತಮ್ಮ ಮನೆಯಲ್ಲಿ ಚರ್ಚಿಲ್ ಅವನೆದುರು ಕೂತೂ ಇದ್ದರು. ತಾವು ಗಾರ್ಟರ್ ಪದವಿಯ ನಿಲುವಂಗಿಯಲ್ಲಿ ಭವ್ಯವಾಗಿ ಮೂಡಿಬರಬೇಕೆಂಬುದು ಅವರ ಆಸೆ. ಸದರ್ಲೆಂಡ್ ಬರೆದದ್ದು ಸಂಸತ್ತಿಗೆ ಹೋಗುವ ದಿನನಿತ್ಯದ ಬಟ್ಟೆಯಲ್ಲಿ ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದು ಕೂತ, ದಣಿದ, ಮುಖ ಗಂಟಿಕ್ಕಿದ ಒಬ್ಬ ಮುದುಕನನ್ನು. ಸಮಾರಂಭಕ್ಕೆ ಕೆಲವೇ ದಿನ ಮೊದಲು ಅದು ಹೇಗಿದೆಯೆಂದು ಗೊತ್ತಾದಾಗ ಚರ್ಚಿಲ್ ಸಿಟ್ಟಿಗೆದ್ದರು. ಈ ಚಿತ್ರವಿಲ್ಲದೆಯೇ ಸಮಾರಂಭ ನಡೆಯಲಿ ಎಂದು ಚಿತ್ರಕಾರನಿಗೇ ಬರೆದರು. ಕೊಡುವವರು ಅಷ್ಟೊಂದು ಜನ ಸೇರಿ ಕೊಡುತ್ತಿರುವಾಗ ತಿರಸ್ಕರಿಸಿದರೆ ಅವರಿಗೆ ನೋವಾಗುತ್ತದೆಂದು ಸಂಸದರೊಬ್ಬರು ಹೋಗಿ ಒಪ್ಪಿಸಬೇಕಾಯಿತು.

ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಪರದೆ ಸರಿಯಿತು. ಚರ್ಚಿಲ್ ಎದ್ದು ನಿಂತು ಇದು ಆಧುನಿಕ ಕಲೆಯ ಗಮನಾರ್ಹ ಮಾದರಿ ಎಂದರು. ಸಭೆ ಗೊಳ್ಳೆಂದು ನಕ್ಕಿತು. ಚಿತ್ರದಲ್ಲಿ ಬಲವೂ ನೇರವಂತಿಕೆಯೂ ಕೂಡಿವೆ ಎಂದು ಸೇರಿಸಿದರು. ಶಬ್ದಗಳಲ್ಲಿ ತಪ್ಪು ಹುಡುಕಲಾಗದು. ಆದರೆ ಆ ನಗುವಿನ ಹೊತ್ತಿಗೆ ಚಿತ್ರಕಾರನ ಮರ್ಯಾದೆ ತುಂಬಿದ ಸಭೆಯಲ್ಲಿ ಹೋಯಿತು. ಗಮನಿಸಬೇಕಾದ್ದೆಂದರೆ, ಅದೇ ದಿನ ಅವರಿಗೆ ಇನ್ನೊಂದು ಉಡುಗೊರೆಯೂ ಇತ್ತು: ಕಾಮನ್ಸ್ ಸಭೆಯ ಬಹುತೇಕ ಸದಸ್ಯರು ಸಹಿ ಹಾಕಿದ ಅಲಂಕೃತ ಪುಸ್ತಕ. ಅದರ ಬಗ್ಗೆ, ಎದುರು ಪಕ್ಷದವರ ಮಾತುಗಳ ಬಗ್ಗೆ, ಇಂಥ ಗೌರವ ತಮಗೆ ಸಂದದ್ದರ ಬಗ್ಗೆ ಅವರು ಆಡಿದ ಮಾತುಗಳು ಬೆಚ್ಚಗಿದ್ದವು. ಕೊಟ್ಟವರಿಗೆ ಕೃತಜ್ಞತೆ ಹೇಳುವುದು ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಚಿತ್ರದ ಹತ್ತಿರ ಬಂದಾಗ ಮಾತ್ರ ಕೊಟ್ಟವರನ್ನು ಬಿಟ್ಟು ವಸ್ತುವಿನ ಬಗ್ಗೆ ಮಾತಾಡಿದರು. ಎಡವಿದ್ದು ಅಲ್ಲಿ.

ಆ ಚಿತ್ರವನ್ನು ಆಮೇಲೆ ಹೊರಗಿನವರು ಯಾರೂ ನೋಡಲಿಲ್ಲ. ಅದು ಏನಾಯಿತೆಂದು ಲೋಕಕ್ಕೆ ತಿಳಿದದ್ದು 1978ರಲ್ಲಿ, ಚರ್ಚಿಲ್ ಅವರ ಪತ್ನಿ ಕ್ಲೆಮೆಂಟೀನ್ ತೀರಿಕೊಂಡ ಮೇಲೆ. ಗಂಡನ ನೆಮ್ಮದಿ ಕೆಡಿಸುತ್ತದೆಂದು ಆಕೆ ಎಷ್ಟೋ ವರ್ಷಗಳ ಹಿಂದೆಯೇ ಅದನ್ನು ನಾಶ ಮಾಡಿಸಿದ್ದರು. ಚಿತ್ರಕಾರ ಇನ್ನೂ ಬದುಕಿದ್ದ. ಸುದ್ದಿ ಅವನ ಕಿವಿಗೂ ಬಿತ್ತು.

ಮೈಸೂರಿನ ಮನೆಗೆ ವಾಪಸು ಬರೋಣ. ಎರಡು ಕಾಗದ ಹರಿದ ಮೇಲೆ ಆಕೆ ಪೆನ್ನು ಕೆಳಗಿಟ್ಟು ಮೊದಲು ಗಡಿಯಾರದ ಗತಿ ಏನೆಂದು ತೀರ್ಮಾನಿಸಲು ಹೊರಟರು. ಇದು ಸರಿಯಾದ ಕ್ರಮ ಎಂದು ನನಗನಿಸುತ್ತದೆ. ವಸ್ತು ಎಲ್ಲಿರುತ್ತದೆ ಎಂದು ಗೊತ್ತಾಗದೆ ಕಾಗದ ಬರೆದರೆ, ಕಾಗದ ಹೇಳಿದ ಹಾಗೆ ಮನೆ ನಡೆಯಬೇಕಾಗುತ್ತದೆ. ಯಾರಿಗಾದರೂ ಕೊಟ್ಟುಬಿಡುವುದೇ ನಿಜವಾದರೆ ಕಾಗದದಲ್ಲಿ ಜಾಗದ ಸುದ್ದಿಯೇ ಬರಬಾರದು. ಇಟ್ಟುಕೊಳ್ಳುವುದಾದರೆ, ಇಡುವ ಜಾಗವನ್ನು ಇದ್ದ ಹಾಗೆ ಬರೆಯಬಹುದು.

ಹಾಲಿಗೆ ಬೇಡವೆಂದು ಗಂಡ ಖಂಡಿತವಾಗಿ ಹೇಳಿಯಾಗಿತ್ತು. ಅಟ್ಟಕ್ಕೆ ಹಾಕಲು ಇವರಿಗೆ ಮನಸ್ಸಿಲ್ಲ. ಕೊನೆಗೆ ತೀರ್ಮಾನ ಮಾಡಿದ್ದು ಒಂದನೇ ತರಗತಿಯ ಮಗ. ಹಕ್ಕಿಯ ಕೂಗು ಕೇಳಿ ಅವನು ಗಡಿಯಾರವನ್ನು ಬಿಟ್ಟು ಏಳಲೊಲ್ಲ. ಮಹಡಿಯ ಅವನ ಕೋಣೆಯಲ್ಲಿ ಮೊಳೆ ಹೊಡೆದರು. ರಾತ್ರಿ ಕೂಗಿ ಎಬ್ಬಿಸುತ್ತದೆಂಬ ಭಯವಿತ್ತು. ಆದರೆ ಅದರಲ್ಲಿ ಬೆಳಕನ್ನು ಗುರುತಿಸುವ ಸಣ್ಣ ಕಣ್ಣೊಂದಿತ್ತು, ದೀಪ ಆರಿಸಿದರೆ ಹಕ್ಕಿ ಬಾಯಿ ಮುಚ್ಚುತ್ತದೆ. ಇಷ್ಟಾದ ಮೇಲೆ ಬರೆದ ಕಾಗದ ಇದು. ಒಂದೆರಡು ಮನೆಯ ವಿಷಯ ಬಿಟ್ಟರೆ ಇದ್ದ ಹಾಗೇ ಇದೆ.

‘ಪ್ರೀತಿಯ ಅತ್ತೆಗೆ, ನಮಸ್ಕಾರಗಳು. ನಾವೆಲ್ಲ ಕ್ಷೇಮ. ನೀವು, ಮಾವ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ.

‘ಗೃಹಪ್ರವೇಶದ ಗಲಾಟೆಯಲ್ಲಿ ನಿಮ್ಮ ಹತ್ತಿರ ಕೂತು ನಾಲ್ಕು ಮಾತಾಡಲೂ ಆಗಲಿಲ್ಲ. ನೀವು ಹೊರಟ ಮೇಲೆ ಅಮ್ಮ ಹೇಳಿದಳು, ಗಡಿಯಾರದ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಲು ಬಿಡದೆ ಸಾಗರದಿಂದ ಮೈಸೂರಿನವರೆಗೂ ರಾತ್ರಿಯಿಡೀ ತೊಡೆಯ ಮೇಲೆ ಇಟ್ಟುಕೊಂಡು ಬಂದಿರಂತೆ. ಆ ಮಂಡಿನೋವಿನಲ್ಲಿ! ಕೇಳಿ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಒಂದು ಹರಳೂ ಉದುರಿಲ್ಲ ಅತ್ತೆ. ಸೆಲ್ ಕೂಡ ಹಾಕಿಯೇ ತಂದಿದ್ದೀರಿ.

‘ಗಡಿಯಾರ ಮಹಡಿಯಲ್ಲಿ ಪುಟ್ಟನ ಕೋಣೆಯಲ್ಲಿದೆ. ಅವನು ಅದನ್ನು ಬೇರೆ ಯಾರಿಗೂ ಬಿಟ್ಟುಕೊಡುವ ಹಾಗೆ ಕಾಣುವುದಿಲ್ಲ. ಗಂಟೆಯಾಗುವ ಮೊದಲೇ ಹೋಗಿ ಎದುರು ನಿಲ್ಲುತ್ತಾನೆ. ಅವನಿಗೀಗ ಗಂಟೆ ನೋಡುವುದು ಹೇಳಿಕೊಡುತ್ತಿದ್ದೇನೆ. ಚಿಕ್ಕ ಮುಳ್ಳು, ದೊಡ್ಡ ಮುಳ್ಳು ಇನ್ನೂ ಅದಲು ಬದಲು.

‘ಹೇಳಿಕೊಡುವಾಗ ನಿಮ್ಮ ಮನೆಯ ಜಗಲಿಯ ಗಡಿಯಾರ ನೆನಪಾಯಿತು. ಬೇಸಿಗೆ ರಜೆಯಲ್ಲಿ ಅದರ ಕೆಳಗೆ ನನ್ನನ್ನು ಕೂರಿಸಿ, ಹಪ್ಪಳ ಒತ್ತುತ್ತಲೇ “ಈಗ ಎಷ್ಟು, ಈಗ ಎಷ್ಟು” ಅಂತ ಕೇಳುತ್ತಿದ್ದಿರಿ. ತಪ್ಪು ಹೇಳಿದರೆ ಹಸಿ ಹಿಟ್ಟಿನ ಉಂಡೆ ಇಲ್ಲ! ನಾನು ಗಂಟೆ ನೋಡಲು ಕಲಿತದ್ದು ಹಾಗೆ. ನೀವು ನನಗೆ ಗಡಿಯಾರವನ್ನೇ ತರಬೇಕು ಅಂದುಕೊಂಡಿದ್ದಕ್ಕೆ ಇದೂ ಕಾರಣವೇನೋ ಅಂತ ಯೋಚನೆ ಬಂತು.

‘ಹಪ್ಪಳದ ಕೆಲಸ ಮುಗಿದ ಮೇಲೆ ಬಂದು ನಾಲ್ಕು ದಿನ ಇದ್ದು ಹೋಗಿ. ಮಾವನಿಗೂ ಹೇಳಿದ್ದೇನೆಂದು ಹೇಳಿ. ಇಂತಿ ನಿಮ್ಮ ಪ್ರೀತಿಯ ಪುಟ್ಟಿ.’

ಇಡೀ ಕಾಗದದಲ್ಲಿ ನವಿಲು ಎಂಬ ಶಬ್ದವೇ ಇಲ್ಲ. ಚೆನ್ನಾಗಿದೆ ಎಂದೂ ಇಲ್ಲ. ಓದುವಾಗ ಎರಡೂ ಇಲ್ಲವೆಂದು ಅನಿಸುವುದಿಲ್ಲ, ಯಾಕೆಂದರೆ ಆ ಜಾಗದಲ್ಲಿ ಅವಕ್ಕಿಂತ ಹೆಚ್ಚು ತೂಕದ ಬೇರೆ ಸಂಗತಿಗಳಿವೆ. ಅತ್ತೆಯ ತೊಡೆಯ ಮೇಲಿನ ಪೆಟ್ಟಿಗೆಯನ್ನು ನೋಡಿ. ಬರೆದವರಿಗೆ ಅದು ಸುಮ್ಮನೆ ಸಿಕ್ಕಿದ್ದಲ್ಲ, ಅಮ್ಮನನ್ನು ಕೇಳಿ ತಿಳಿದುಕೊಂಡದ್ದು. ವಸ್ತುವಿನಲ್ಲಿ ಮೆಚ್ಚುವಂಥದ್ದೇನೂ ಇಲ್ಲದಾಗ, ಅದು ನಮ್ಮ ಕೈಗೆ ಬರುವ ಮುಂಚೆ ಏನೇನಾಯಿತು ಎಂದು ವಿಚಾರಿಸಬೇಕು. ಯಾರು ಆರಿಸಿದರು, ಹೇಗೆ ತಂದರು, ಯಾರ ಜೊತೆ ಅಂಗಡಿಗೆ ಹೋದರು. ಅಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತದೆ. ವಿಚಾರಿಸುವುದು ಮೂರನೆಯವರ ಹತ್ತಿರ. ಕೊಟ್ಟವರನ್ನೇ ‘ಎಲ್ಲಿ ತಗೊಂಡ್ರಿ’ ಎಂದು ಕೇಳಿದರೆ ಬದಲಾಯಿಸಲು ಕೇಳುತ್ತಿದ್ದಾರೆಂದು ಅವರಿಗೆ ತಟ್ಟನೆ ಹೊಳೆಯುತ್ತದೆ.

‘ಒಂದು ಹರಳೂ ಉದುರಿಲ್ಲ’ ಎಂಬ ಸಣ್ಣ ವಾಕ್ಯ ನನಗೆ ಎಲ್ಲಕ್ಕಿಂತ ಹಿಡಿಸಿತು. ಅದು ಗಡಿಯಾರವನ್ನು ಹತ್ತಿರದಿಂದ ನೋಡಿದವರು ಮಾತ್ರ ಬರೆಯಬಲ್ಲ ಮಾತು. ಹೊಗಳಿಕೆಯಲ್ಲ, ವರದಿ. ಪೆಟ್ಟಿಗೆ ಬಿಚ್ಚಿದ್ದಾರೆ, ಗರಿಗರಿಯನ್ನೂ ನೋಡಿದ್ದಾರೆ, ತನ್ನ ರಾತ್ರಿಯ ಕಾವಲು ವ್ಯರ್ಥವಾಗಲಿಲ್ಲ ಎಂದು ಅತ್ತೆಗೆ ತಲುಪುತ್ತದೆ. ‘ಸೆಲ್ ಕೂಡ ಹಾಕಿಯೇ ತಂದಿದ್ದೀರಿ’ ಎನ್ನುವುದೂ ಹಾಗೆಯೇ. ಸೆಲ್ಲಿನ ಬೆಲೆ ಎಷ್ಟು ಮಹಾ? ಆದರೆ ಅದನ್ನು ಹಾಕುವಾಗ ಅತ್ತೆ ತನ್ನನ್ನು ನೆನೆದಿದ್ದಾರೆ, ಅದನ್ನು ತಾನು ಕಂಡಿದ್ದೇನೆ ಎಂಬ ಲೆಕ್ಕ ಅಲ್ಲಿದೆ.

ಜಗಲಿಯ ಗಡಿಯಾರದ ಭಾಗದಲ್ಲಿ ಸ್ವಲ್ಪ ಎಚ್ಚರ ಬೇಕು. ನೆನಪನ್ನು ಕಟ್ಟಿ ಹೇಳಿದರೆ ಸಿಕ್ಕಿಬೀಳುತ್ತೇವೆ. ಹಳೆಯ ಮನೆಯ ಸಂಗತಿಗಳು ಹಿರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಇವರು ಹಿಟ್ಟಿನ ಉಂಡೆಯವರೆಗೂ ನೆನಪಿಟ್ಟಿದ್ದರಿಂದ ಅದು ನಿಂತಿತು. ಅತ್ತೆಯ ಆಯ್ಕೆಗೆ ಕಾರಣ ಅದೇ ಎಂದು ಸಾಧಿಸಲಿಲ್ಲ, ‘ಕಾರಣವೇನೋ’ ಎಂದು ಬಿಟ್ಟರು. ಒಂದು ವೇಳೆ ಅತ್ತೆಗೆ ಹಾಗನಿಸಿರದಿದ್ದರೂ ಈಗ ಅನಿಸಬಹುದು. ಇದು ಸ್ವಲ್ಪ ಚಾಲಾಕಿತನ ಎಂದು ಯಾರಾದರೂ ಅಂದರೆ ನಾನು ವಾದಿಸುವುದಿಲ್ಲ.

ಕಾಗದದಲ್ಲಿ ‘ಧನ್ಯವಾದಗಳು’ ಇಲ್ಲದ್ದೂ ಬೇಕೆಂದೇ. ಅತ್ತೆಗೆ ಹಾಗೆ ಬರೆದರೆ ಬ್ಯಾಂಕಿನಿಂದ ಕಾಗದ ಬಂದ ಹಾಗಿರುತ್ತದೆ ಎಂದು ಅವರೇ ಹೇಳಿದರು. ಕಚೇರಿಯ ಹಿರಿಯರಿಗೋ ಮಗನ ಸ್ನೇಹಿತನ ತಂದೆತಾಯಿಗೋ ಬರೆಯುವಾಗ ಅದು ಮೊದಲ ಸಾಲಿನಲ್ಲೇ ಬರಬೇಕು.

ಎಲ್ಲ ಉಡುಗೊರೆಗೂ ಇಷ್ಟು ಜಾಗ ಇರುವುದಿಲ್ಲ. ಸೀರೆಯ ಬಣ್ಣ ಹಿಡಿಸದಿದ್ದರೆ ಒಮ್ಮೆ ಉಟ್ಟು, ಉಟ್ಟ ಸಂದರ್ಭವನ್ನು ಬರೆದರೆ ಸಾಕು. ಮುಂದಿನ ಮಾತು ಬೀರುವಿಗೆ ಸೇರಿದ್ದು. ಸಕ್ಕರೆ ಕಾಯಿಲೆಯವರಿಗೆ ಮೈಸೂರು ಪಾಕಿನ ಡಬ್ಬಿ ಬಂದರೆ ಮೊಮ್ಮಕ್ಕಳು ತಿಂದದ್ದನ್ನು ಬರೆಯಬಹುದು. ಚುಚ್ಚಬೇಕೆಂದೇ ಕೊಟ್ಟದ್ದು, ದಪ್ಪಗಿರುವವರಿಗೆ ತೂಕ ಇಳಿಸುವ ಪುಸ್ತಕದಂಥದ್ದು, ಬಂದರೆ ‘ಕಳಿಸಿದ್ದು ತಲುಪಿತು, ನೆನಪಿಟ್ಟಿದ್ದಕ್ಕೆ ಸಂತೋಷ’ ಎಂಬ ಎರಡು ಮಾತಿಗಿಂತ ಹೆಚ್ಚಿನ ಶಾಯಿ ಖರ್ಚು ಮಾಡಬೇಕಾಗಿಲ್ಲ. ಗಂಡ ಹೆಂಡತಿಯ ನಡುವೆ ಮಾತ್ರ ಈ ಯಾವ ಕಸರತ್ತೂ ಬೇಡ. ಅಲ್ಲಿ ಬಾಯಿಬಿಟ್ಟು ಹೇಳಿ ಅಂಗಡಿಗೆ ವಾಪಸು ಕೊಡುವುದೇ ವಾಸಿ, ಬಿಲ್ಲು ಕಳೆದುಹೋಗುವ ಮೊದಲು.

ಮತ್ತೆ, ತಡ ಮಾಡಬಾರದು. ಹಿಡಿಸಿದ ಉಡುಗೊರೆಗೆ ತಿಂಗಳು ಬಿಟ್ಟು ಬರೆದರೂ ನಡೆದೀತು, ಮಾತಿನಲ್ಲಿ ಖುಷಿ ಕಾಣುತ್ತದೆ. ಹಿಡಿಸದ್ದಕ್ಕೆ ವಾರದೊಳಗೆ ಬರೆಯಬೇಕು. ದಿನ ಕಳೆದಷ್ಟೂ ಕೊಟ್ಟವರು ಮೌನಕ್ಕೆ ಅರ್ಥ ಹುಡುಕುತ್ತಾರೆ, ಮತ್ತು ಅವರು ಹುಡುಕಿದ ಅರ್ಥ ಸರಿಯಾಗಿಯೇ ಇರುತ್ತದೆ.

ಈ ಕಾಗದ ಅಂಚೆಯಲ್ಲಿ ಹೋಗಿ ಸೇರಿದ ದಿನ ಅತ್ತೆ ಫೋನ್ ಮಾಡಿದರು. ಹಿಟ್ಟಿನ ಉಂಡೆಯ ವಿಷಯ ಮಾವನಿಗೆ ಎರಡು ಸಲ ಓದಿ ಹೇಳಿದೆ ಎಂದರು. ಆಮೇಲೆ, ‘ಹಂಗಾರೆ ಹಾಲಿನ ಗೋಡೆ ಇನ್ನೂ ಖಾಲಿಯೇ ಇದೆ ಅನ್ನು. ಅದಕ್ಕೊಂದು ಬೇರೆ ನೋಡ್ತೀನಿ ಬಿಡು’ ಎಂದರು. ಬರೆದವರು ಜಾಗದ ಸುದ್ದಿಯನ್ನು ಇದ್ದ ಹಾಗೆ ತಿಳಿಸಿದ್ದರು. ಅತ್ತೆ ಅದನ್ನು ಇದ್ದ ಹಾಗೆಯೇ ಓದಿಕೊಂಡಿದ್ದರು. ಕೃತಜ್ಞತೆಯ ಕಾಗದದೊಳಗೆ ‘ಮುಂದೆ ಇಂಥದ್ದು ಬೇಡ’ ಎಂದು ತುರುಕಲು ಬರುವುದಿಲ್ಲ, ತುರುಕಿದರೆ ಮೇಲಿನದೆಲ್ಲ ಪೀಠಿಕೆಯಾಗಿಬಿಡುತ್ತದೆ. ಅದಕ್ಕೆ ಬೇರೆಯೇ ಕಾಗದ ಬೇಕು, ಅದೂ ಬೇಡ ಎನ್ನುವ ಕಾಗದವಲ್ಲ, ಇಂಥದ್ದು ಬೇಕು ಎನ್ನುವ ಕಾಗದ.

ಹತ್ತು ದಿನ ಬಿಟ್ಟು ಅದನ್ನೂ ಬರೆದರು. ಹಾಲಿನ ಗೋಡೆಗೆ ಅಜ್ಜನ ಫೋಟೊ ಹಾಕಬೇಕೆಂದಿದ್ದೇವೆ, ಎಲೆ ಅಡಿಕೆ ಡಬ್ಬಿ ಹಿಡಿದು ಜಗಲಿಯಲ್ಲಿ ಕೂತಿದ್ದು ನಿಮ್ಮಲ್ಲಿ ಮಾತ್ರ ಇದೆ, ಅದರದ್ದೊಂದು ಪ್ರತಿ ತೆಗೆಸಿ ಕೊಡುತ್ತೀರಾ ಎಂದು. ಅತ್ತೆಗೆ ಬಲು ಸಂತೋಷವಾಯಿತು. ಫೋಟೊ ಈಗ ಸಾಗರದ ಸ್ಟುಡಿಯೊದಲ್ಲಿದೆ. ಫ್ರೇಮನ್ನೂ ತಾನೇ ಹಾಕಿಸಿ ತರುವುದಾಗಿ ಅತ್ತೆ ಹೇಳಿದ್ದಾರೆ.